ಡ್ರಮ್ ಸ್ಟೂಲಿನ ಎರಡಿಂಚು

೨೦೦೭ರಲ್ಲಿ ನಾನು ಕೋಲ್ಕತ್ತದ ಬಾಲಿಗಂಜಿನ ಒಂದು ಸಣ್ಣ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಆಗಿದ್ದೆ. ಇಪ್ಪತ್ತು ವರ್ಷದ ಅನುಭವ ತಲೆಗೇರಿದ್ದ ಕಾಲ ಅದು. ಮೈಕ್ ಒಮ್ಮೆ ಇಟ್ಟೆನೆಂದರೆ ಯಾರೂ ಅಲುಗಾಡಿಸುವಂತಿರಲಿಲ್ಲ.

ಆ ಚಳಿಗಾಲದಲ್ಲಿ ಒಂದು ಮೆಟಲ್ ಬ್ಯಾಂಡ್ ಬಂತು. ಡ್ರಮ್ಮರ್ ಪ್ರಸನ್ನ, ಉಡುಪಿ ಕಡೆಯವರ ಹೋಟೆಲಿನ ಹುಡುಗ, ಕೋಲ್ಕತ್ತದಲ್ಲೇ ಹುಟ್ಟಿ ಬೆಳೆದವನು. ಜೊತೆಗೆ ಡಬಲ್ ಪೆಡಲ್ ತಂದಿದ್ದ. ಎಡ ಪೆಡಲಿನಿಂದ ಒಂದು ಸರಳು ಬಲಗಡೆಗೆ ಹೋಗಿ ಡ್ರಮ್ಮಿಗೆ ಬಡಿಯುವ ಎರಡನೆಯ ಸುತ್ತಿಗೆಯನ್ನು, ಅಂದರೆ ಬೀಟರನ್ನು, ಆಡಿಸುತ್ತದೆ. ಒಂದೇ ಬಾಸ್ ಡ್ರಮ್ಮಿಗೆ ಎರಡು ಕಾಲಿನ ಪೆಟ್ಟು. ಹಿಂದೆಲ್ಲ ಎಡಗಾಲಿನ ಕೆಲಸ ಹೈ-ಹ್ಯಾಟ್ ತಾಳಗಳನ್ನು ಒತ್ತಿ ಹಿಡಿಯುವುದಷ್ಟೇ. ಈಗ ಅದು ಬಲಗಾಲಿಗೆ ಸಮನಾಗಿ ದುಡಿಯಬೇಕು. ಅವರ ಹಾಡಿನ ವೇಗ ನಿಮಿಷಕ್ಕೆ ನೂರಾ ಎಂಬತ್ತು ಬೀಟ್, ಪ್ರತಿ ಬೀಟಿಗೆ ನಾಲ್ಕು ಪೆಟ್ಟು. ಅಂದರೆ ಸೆಕೆಂಡಿಗೆ ಹನ್ನೆರಡು, ಒಂದೊಂದು ಕಾಲಿಗೆ ಆರು. ಎಡಗಾಲನ್ನು ಅಷ್ಟಕ್ಕೆ ತರಲು ಪ್ರಸನ್ನ ಎರಡು ವರ್ಷ ತೇಯ್ದಿದ್ದ. ಈ ರೆಕಾರ್ಡಿಂಗಿನಲ್ಲಿ ಗೆದ್ದರಷ್ಟೇ ಬ್ಯಾಂಡಿನಲ್ಲಿ ಅವನ ಜಾಗ ಉಳಿಯುತ್ತಿತ್ತು.

ಕೂತ ಕೂಡಲೇ ಕೇಳಿದ: “ಅಣ್ಣಾ, ಸ್ಟೂಲ್ ಸ್ವಲ್ಪ ಮೇಲೆ ಮಾಡ್ಬಹುದಾ? ಟೂ ಇಂಚಸ್, ಅಷ್ಟೇ ಸಾಕು.”

“ಬೇಡ ಮಾರಾಯ. ನೀನು ಮೇಲೆ ಕೂತ್ರೆ ಸ್ನೇರ್ ಡ್ರಮ್, ಸಿಂಬಲ್ ಎಲ್ಲ ಏರಿಸ್ಬೇಕಾಗ್ತದೆ. ಮೈಕ್ ಸೆಟ್ ಆಗಿದೆ, ಹೀಗೇ ಬಾರಿಸು,” ಎಂದೆ.

ದೊಡ್ಡವರ ಮಾತಿಗೆ ಎದುರಾಡುವ ಹುಡುಗನಲ್ಲ ಅವನು. ಬಾರಿಸಿದ. ಐದು ಟೇಕಿನಲ್ಲೂ ಹಾಡಿನ ಕೊನೆಗೆ ಬರುವಷ್ಟರಲ್ಲಿ ಎಡಗಾಲಿನ ಪೆಟ್ಟು ಹಿಂದೆ ಬೀಳುತ್ತಿತ್ತು. ಸಂಜೆ ನಾನೊಬ್ಬನೇ ಕೂತು, ಕಂಪ್ಯೂಟರಿನಲ್ಲಿ ಹಿಂದೆ ಬಿದ್ದ ಪೆಟ್ಟುಗಳನ್ನೆಲ್ಲ ಸರಿಯಾದ ಜಾಗಕ್ಕೆ ಎಳೆದು, ಅವುಗಳ ಮೇಲೆ ಬೇರೆ ಗಟ್ಟಿ ಪೆಟ್ಟಿನ ಸದ್ದು ಕೂರಿಸಿದೆ. ಉಪಕಾರ ಮಾಡಿದೆ ಎಂದೇ ನಂಬಿದ್ದೆ.

ಮರುದಿನ ಕೇಳಿ ಬ್ಯಾಂಡಿನವರು ಚಪ್ಪಾಳೆ ತಟ್ಟಿದರು. ಪ್ರಸನ್ನ ಹೆಡ್‌ಫೋನ್ ತೆಗೆದಿಟ್ಟ. “ಇದು ನನ್ನ ಕಾಲಲ್ಲ ಅಣ್ಣಾ. ನನ್ನ ಲೆಫ್ಟ್‌ಗೆ ಇದು ಆಗೋದೇ ಇಲ್ಲ, ಅಷ್ಟೇ.” ಆ ವಾರವೇ ಬ್ಯಾಂಡ್ ಬಿಟ್ಟ.

ತಿಂಗಳ ನಂತರ ಅವನ ಜಾಗಕ್ಕೆ ಬಂದವನು ನನ್ನನ್ನು ಕೇಳದೆಯೇ ಸ್ಟೂಲ್ ಎತ್ತರಿಸಿದ. ನಾನು ರೇಗಿದೆ. ಅವನು ನಗುತ್ತಾ ವಿವರಿಸಿದ: ಎರಡೂ ಹಿಮ್ಮಡಿ ಮೇಲಿದ್ದಾಗ ನೆಲದಲ್ಲಿ ಊರಲು ಕಾಲಿಲ್ಲ, ದೇಹದ ಭಾರವೆಲ್ಲ ಸ್ಟೂಲಿನ ಮೇಲೆ. ಸ್ಟೂಲ್ ತಗ್ಗಿದ್ದರೆ ಪ್ರತಿ ಪೆಟ್ಟಿಗೂ ತೊಡೆಯನ್ನೇ ಎತ್ತಬೇಕು, ಸೊಂಟ ಸೋಲುತ್ತದೆ. ತೊಡೆ ತುಸು ಕೆಳಮುಖವಾದರೆ ಕಣಕಾಲೇ ಕೆಲಸ ಮಾಡುತ್ತದೆ. ಅದೇ ವೇಗದಲ್ಲಿ ಬಾರಿಸಿದರೂ ಅವನ ಎಡಗಾಲು ಕೊನೆಯವರೆಗೂ ತಪ್ಪಲಿಲ್ಲ.

ಹೋಟೆಲಿಗೆ ಹೋಗಿ ಪ್ರಸನ್ನನಿಗೆ ಎಲ್ಲ ಹೇಳಿದೆ. ಇಡ್ಲಿ ಪಾರ್ಸೆಲ್ ಕಟ್ಟುತ್ತಿದ್ದವನ ಕೈ ನಿಂತಿತು.

“ಪೆಡಲ್ ಕೊಟ್ಬಿಟ್ಟೆ ಅಣ್ಣಾ,” ಎಂದ. ಆಮೇಲೆ ಮೆಲ್ಲಗೆ, “ನಾನು ಕೇಳಿದ್ದೆ ಅಲ್ವಾ?”

ಇವತ್ತಿಗೂ ನಾಚಿಕೆಯಾಗುತ್ತದೆ. ಆಮೇಲೆ ನಿವೃತ್ತನಾಗುವವರೆಗೂ, ಡ್ರಮ್ಮರ್ ಸ್ಟೂಲ್ ಸರಿಮಾಡಿಕೊಂಡು ಕೂರುವ ಮೊದಲು ನಾನು ಒಂದು ಮೈಕನ್ನೂ ಇಡಲಿಲ್ಲ. ಆ ಪಾಠ ಕಲಿತದ್ದು ನಾನು. ಅದಕ್ಕೆ ಹೋದದ್ದು ಅವನ ಎರಡು ವರ್ಷ.