ಒಟ್ಟು, ಕಡಿತ, ನಿವ್ವಳ

ಪತ್ರಿಕೆಯ ಡೆಸ್ಕಿನಿಂದ ನಿವೃತ್ತನಾದ ಮೇಲೆ, ಜುಲೈ ಬಂತೆಂದರೆ ಸೋಮವಾರಪೇಟೆಯ ತೆರಿಗೆ ಸಲಹೆಗಾರರೊಬ್ಬರ ಮಹಡಿ ಕಚೇರಿಯಲ್ಲಿ ಕೂರುತ್ತೇನೆ. ಜನ ವಾಟ್ಸಾಪಿನಲ್ಲಿ ಕಳಿಸುವ ದಾಖಲೆಗಳ ಚಿತ್ರಗಳನ್ನು ಓದಿ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ತಲೆಕೆಳಗಾದವು, ಅರ್ಧ ಕತ್ತರಿಸಿದವು, ಹೆಬ್ಬೆರಳು ಅಡ್ಡ ಬಿದ್ದವು. ಮಧ್ಯಾಹ್ನದ ಹೊತ್ತಿಗೆ ಎಂಟೂ ಮೂರೂ ಒಂದೇ ಥರ ಕಾಣತೊಡಗುತ್ತವೆ.

ಷೇರಿನ ಮೇಲೆ ಕಂಪನಿ ಕೊಡುವ ಲಾಭಾಂಶದ, ಅಂದರೆ ಡಿವಿಡೆಂಡಿನ ಬಗ್ಗೆ ಕೇಳಿದರೆ ಬಹುತೇಕರು ಬ್ಯಾಂಕಿಗೆ ಬಂದ ಮೊತ್ತ ಹೇಳಿ ಸುಮ್ಮನಾಗುತ್ತಾರೆ. ಕಾಫಿ ವ್ಯಾಪಾರಿ ತೇವಾಂಶಕ್ಕೆಂದು ಕಡಿದದ್ದು ಮರಳಿ ಬರುವುದಿಲ್ಲ. ಡಿವಿಡೆಂಡಿನಿಂದ ತೆರಿಗೆಗೆಂದು ಕಂಪನಿ ಕಡಿದದ್ದೂ ಹಾಗೆಯೇ ಎಂದು ಅವರ ಲೆಕ್ಕ. ರಿಟರ್ನಿನಲ್ಲಿ ತೋರಿಸಬೇಕಾದದ್ದು ಕಡಿತಕ್ಕೆ ಮುಂಚಿನ ಮೊತ್ತ, ಕಡಿದ ತೆರಿಗೆ ನಿಮ್ಮ ಹೆಸರಿನಲ್ಲೇ ಜಮಾ ಇರುತ್ತದೆ ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ಗೊತ್ತಿಲ್ಲ.

ಅಂಥದೊಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಬಂದರು. ಗಂಡ ತೀರಿಕೊಂಡ ಮೇಲೆ ಅವರ ಷೇರುಗಳು ಈಕೆಯ ಹೆಸರಿಗೆ ಬಂದಿದ್ದವು. ಜೊತೆಗೆ ಮೈದುನ. ಒಂದೇ ಅಂಗಳದ ಎರಡು ಮನೆ. ಆದರೂ ಬೆಂಚಿನ ಎರಡು ತುದಿಗಳಲ್ಲಿ ಕೂತರು.

"ಸಾರ್, ಈ ವಾರಂಟಲ್ಲಿ ಎಷ್ಟು ಅಂತ ಇದೆ ಓದಿ. ಇವನ ಎದುರಿಗೇ ಓದಿ," ಎಂದು ಆಕೆ ಮೊಬೈಲ್ ಚಾಚಿದರು.

"ಓದ್ಲಿ ಬಿಡಿ ಅತ್ತಿಗೆ. ನಾನೇನು ಕಿವಿಗೆ ಹತ್ತಿ ಇಟ್ಕೊಂಡಿದೀನಾ?"

ವಿಷಯ ಇಷ್ಟು. ಅಂಚೆಯಲ್ಲಿ ಬಂದ ಡಿವಿಡೆಂಡ್ ವಾರಂಟನ್ನು, ಅಂದರೆ ಕಂಪನಿ ಕಳಿಸುವ ಚೆಕ್ಕನ್ನು, ಮೈದುನ ಫೋಟೊ ತೆಗೆದು ಅತ್ತಿಗೆಗೆ ಕಳಿಸಿ ಆಕೆಯ ಖಾತೆಗೆ ಕಟ್ಟಿದ್ದ. ಪಾಸ್‌ಬುಕ್ಕಿಗೆ ಬಿದ್ದದ್ದು ಇಪ್ಪತ್ತೊಂದು ಸಾವಿರದ ಆರುನೂರು. ಅಷ್ಟೇ ಷೇರು ಇರುವ ಸುಂಟಿಕೊಪ್ಪದ ನೆಂಟರೊಬ್ಬರಿಗೆ ಬಂದದ್ದು ಇಪ್ಪತ್ತನಾಲ್ಕು ಸಾವಿರ. ಉಳಿದದ್ದು ಎಲ್ಲಿ ಎಂದು ಆಕೆ ಮೈದುನನನ್ನು ಕೇಳಿದರು. ಮೈದುನ ಮಾರನೆಯ ದಿನ ಎರಡು ಸಾವಿರದ ನಾನೂರು ರೂಪಾಯಿ ತಂದು ಕೈಗಿಟ್ಟ. ಆಕೆಗೆ ಅನುಮಾನ ಗಟ್ಟಿಯಾದದ್ದು ಅಲ್ಲೇ.

"ತಿಂದಿಲ್ಲ ಅಂದ್ರೆ ವಾಪಸ್ ಯಾಕೆ ಕೊಟ್ಟ, ನೀವೇ ಹೇಳಿ!"

ಚಿತ್ರವನ್ನು ದೊಡ್ಡದು ಮಾಡಿದೆ. ಕೆಳಗಿನ ಚೆಕ್ಕಿನ ಭಾಗದಲ್ಲಿ ದಪ್ಪ ಅಕ್ಷರದಲ್ಲಿದ್ದದ್ದು 21,600 ಮಾತ್ರ. ಆಕೆ ನೋಡಿದ್ದು ಅದನ್ನೇ; ಉಳಿದದ್ದು ಬೇರೆ ಚೆಕ್ಕಿನಲ್ಲಿ ಬಂದು ಇವನ ಕೈ ಸೇರಿದೆ ಎಂದು ಆಕೆಯ ಲೆಕ್ಕ. ವಿವರವೆಲ್ಲ ಮೇಲಿನ ತುಂಡಿನಲ್ಲಿ, ಸಣ್ಣ ಇಂಗ್ಲಿಷಿನಲ್ಲಿತ್ತು. ಕಾಗದ ಮಡಚಿದ ಗೆರೆ ಒಟ್ಟು ಡಿವಿಡೆಂಡಿನ ಮೇಲೇ ಹಾದು, ಎರಡನೆಯ ಅಂಕಿಯನ್ನು ನುಂಗಿತ್ತು. ಉಳಿದವು ಸ್ಪಷ್ಟ: ಕಡಿದ ತೆರಿಗೆ 2,400, ನಿವ್ವಳ 21,600. ಎರಡನ್ನೂ ಕೂಡಿದೆ. ಷೇರು ಎರಡು ಸಾವಿರ, ಷೇರಿಗೆ ಹನ್ನೆರಡು ರೂಪಾಯಿ ಎಂದು ಪಕ್ಕದಲ್ಲೇ ಇತ್ತು. ಅದನ್ನು ಗುಣಿಸಿದೆ. ಎರಡು ದಾರಿಯಲ್ಲೂ ಇಪ್ಪತ್ತನಾಲ್ಕು ಸಾವಿರ. ಕಡಿತ ಅದರ ಶೇಕಡ ಹತ್ತು. ಇಲಾಖೆಯ ಜಾಲತಾಣದಲ್ಲಿ ಆಕೆಯ ಪ್ಯಾನ್ ಕೆಳಗೂ ಇವೇ ಅಂಕಿಗಳಿದ್ದವು.

"ಅಮ್ಮಾ, ಈ ಎರಡು ಸಾವಿರದ ನಾನೂರನ್ನ ಕಂಪನಿಯವರೇ ತೆರಿಗೆಗೆ ಅಂತ ಹಿಡಿದು ಸರ್ಕಾರಕ್ಕೆ ಕಟ್ಟಿದ್ದಾರೆ. ಬ್ಯಾಂಕಿಗೆ ಬಂದಿದ್ದೇ ಅಷ್ಟು."

"ಮತ್ತೆ ಸುಂಟಿಕೊಪ್ಪದವರಿಗೆ?"

"ಅವರು ಅರವತ್ತು ದಾಟಿದವರು, ತೆರಿಗೆ ಬರೋಷ್ಟು ಆದಾಯ ಇಲ್ಲ ಅಂತ ಮೊದಲೇ ಫಾರಂ ಕೊಟ್ಟಿರಬೇಕು. ನೀವು ಕೊಟ್ಟಿಲ್ಲ."

ಆಕೆ ಮೈದುನನ ಕಡೆ ತಿರುಗಿದರು. "ಹಂಗಾದ್ರೆ ನೀನು ಕೊಟ್ಟ ದುಡ್ಡು ಎಲ್ಲಿಂದು?"

"ಮೆಣಸು ಮಾರಿದ್ದು."

"ತೆರಿಗೆ ಹಿಡಿದಾರೆ ಅಂತ ಬಾಯಿಬಿಟ್ಟು ಹೇಳಕ್ಕೇನಾಗಿತ್ತು ನಿಂಗೆ?"

"ಮೂರು ಸಲ ಹೇಳ್ದೆ ಅತ್ತಿಗೆ. 'ಸತ್ತೋರ ಷೇರಿಗೆ ಎಂಥ ತೆರಿಗೆ' ಅಂದ್ರಿ. ನೀವು ನಮ್ಮ ಮನೆ ಮೆಟ್ಲು ಹತ್ತೋದು ಬಿಟ್ರೆ ಮಕ್ಕಳು ಕೇಳ್ತಾವೆ, ದೊಡ್ಡಮ್ಮ ಯಾಕೆ ಬರಲ್ಲ ಅಂತ. ಕೊಟ್ಟು ಸುಮ್ನಾಗೋಣ ಅಂದ್ಕೊಂಡೆ. ಕೊಟ್ಟಿದ್ದಕ್ಕೇ ಕಳ್ಳ ಆದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನಾನು ಆಕೆಯ ರಿಟರ್ನ್ ತೆರೆದು ಕೆಲಸ ಮುಂದುವರಿಸಿದೆ. ಕಾಫಿ ಮಾರಾಟದ್ದು ಕೃಷಿ ಆದಾಯ. ಅದು ಬಿಟ್ಟರೆ ಠೇವಣಿಯ ಸ್ವಲ್ಪ ಬಡ್ಡಿ, ಈ ಡಿವಿಡೆಂಡ್. ತೆರಿಗೆ ಬೀಳುವುದಿಲ್ಲ. ಡಿವಿಡೆಂಡ್ ಎಂಬಲ್ಲಿ ಇಪ್ಪತ್ತನಾಲ್ಕು ಸಾವಿರ ತುಂಬಿದೆ. ಕಡಿತವನ್ನು ಅದರ ಜಾಗದಲ್ಲಿ ತೋರಿಸಿದೆ. ಎರಡು ಸಾವಿರದ ನಾನೂರೂ ಮರಳಿ ಬರುತ್ತದೆ ಎಂದೆ.

"ಹಂಗಾದ್ರೆ ಅದು ಇವನದ್ದು. ಇವನ ಅಕೌಂಟಿಗೇ ಹಾಕ್ಸಿ," ಎಂದರು ಆಕೆ.

"ಆಗಲ್ಲಮ್ಮ. ರಿಫಂಡ್ ನಿಮ್ಮ ಹೆಸರಿನ ಖಾತೆಗೇ ಬರಬೇಕು."

"ನಂಗೇನೂ ಬೇಡ, ಬಿಡಿ," ಎಂದು ಮೈದುನ ಎದ್ದ.

"ನೀ ಕೂತ್ಕೊ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನತ್ತ ನೋಡಿ, "ಹಂಗಾದ್ರೆ ಬಂದ ಮೇಲೆ ನಾನೇ ತಗೊಂಡು ಹೋಗಿ ಕೊಡ್ಬೇಕು ಅನ್ನಿ. ಅವನ ಮನೆಗೆ," ಎಂದರು.

ಹೌದೆಂದೆ. ಬಸ್ಸಿನ ಹೊತ್ತಾಗಿತ್ತು. ಮೊದಲು ಮೈದುನ ಇಳಿದ, ಹಿಂದೆ ಆಕೆ. ಮೆಟ್ಟಿಲು ಕಡಿದಾಗಿದ್ದರೂ ಅವನು ಕೈ ಕೊಡಲಿಲ್ಲ, ಆಕೆ ಕೇಳಲೂ ಇಲ್ಲ. ಕೆಳಗೆ ಮಾತ್ರ ಅವನು ಆಕೆಗಾಗಿ ಕಾದು ನಿಂತಿದ್ದ.