ಕಡಗ ಬಿಚ್ಚದ ತೂಕ

ನಾನು ಗೌಂಡಿ. ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಕರಣಿ ಹಿಡಿದವನು. ಮಸ್ಕಿಯಲ್ಲಿ ನಾನು ಕಟ್ಟಿದ ಗೋಡೆಗಳಿಗೆ ಯಾವ ಇಂಜಿನಿಯರು ತೂಗುಗುಂಡು ಬಿಟ್ಟು ನೋಡಿದರೂ ಒಂದು ನೂಲು ಆಚೀಚೆ ಸಿಗುವುದಿಲ್ಲ. ಅಳತೆಯ ವಿಷಯದಲ್ಲಿ ನಾನು ಇನ್ನೊಬ್ಬರ ಮಾತು ಕೇಳಿದವನಲ್ಲ. ಅದೇ ನನ್ನ ಮೊಮ್ಮಗಳಿಗೆ ಮುಳುವಾಯಿತು.

ಮಗಳನ್ನು ತುರ್ವಿಹಾಳದ ಕಡೆ ಕೊಟ್ಟಿದ್ದೆ. ಬಸುರಿಯಾಗಿ ಏಳು ತಿಂಗಳಾಗುವವರೆಗೆ ನಾಟಿ ಹಚ್ಚುವ ಕೆಲಸಕ್ಕೆ ಹೋದಳಂತೆ, ನನಗೆ ಹೇಳಲಿಲ್ಲ. ಕೂಸು ಸಣ್ಣದಾಗಿ ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಉಡಿದಾರ, ಕಾಲ್ಗಡಗ ಎರಡೂ ಸೇರಿ ಇಪ್ಪತ್ತು ತೊಲ ಬೆಳ್ಳಿ ಹಾಕಿದೆ. ಬೀಗರ ಮುಂದೆ, ಓಣಿಯವರ ಮುಂದೆ, ‘ಇಪ್ಪತ್ತು ತೊಲಿ, ಗಟ್ಟಿ ಬೆಳ್ಳಿ’ ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಕೂಸಿಗೆ ಒಂದೂವರೆ ವರ್ಷ ಆದಾಗ ಮಗಳು ನಮ್ಮ ಮನೆಗೆ ಬಂದಳು. ಕೂಸು ಇನ್ನೂ ಒಂದು ವರ್ಷದ್ದರಂತೆ ಕಾಣುತ್ತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಅನ್ನ ಬಾಯಿಗಿಟ್ಟರೆ ಮುಖ ಹೊರಳಿಸುತ್ತಿತ್ತು. ನಮ್ಮ ಓಣಿಯ ಅಂಗನವಾಡಿ ಅಕ್ಕಾರು ತೂಕದ ದಿನ ಕರೆಕಳುಹಿಸಿದರು. ನನಗೆ ಆ ದಿನ ಕೆಲಸ ಇರಲಿಲ್ಲ, ಮಗಳ ಜೊತೆ ನಾನೇ ಹೋದೆ.

ಮೊದಲು ಕೂಸನ್ನು ಹಲಗೆಯ ಮೇಲೆ ಮಲಗಿಸಿದರು. ಎರಡು ವರ್ಷದ ಒಳಗಿನ ಮಕ್ಕಳನ್ನು ನಿಲ್ಲಿಸಿ ಅಳೆಯುವುದಿಲ್ಲ, ಮಲಗಿಸಿಯೇ ಅಳೆಯುತ್ತಾರೆ. ಸಹಾಯಕಿ ತಲೆಯನ್ನು ಮೇಲಿನ ಹಲಗೆಗೆ ಒತ್ತಿ ಹಿಡಿದಳು, ಅಕ್ಕಾರು ಮೊಣಕಾಲು ನೀಟ ಮಾಡಿ ಕೆಳಗಿನ ಹಲಗೆಯನ್ನು ಅಂಗಾಲಿಗೆ ತಂದರು. ಎಪ್ಪತ್ತೊಂದು ಸೆಂಟಿಮೀಟರ್. ಚಾರ್ಟು ನೋಡಿ ಹೇಳಿದರು:

“ವಯಸ್ಸಿಗೆ ಎತ್ತರ ಭಾಳ ಕಡಿಮಿ ಐತ್ರಿ ಕಾಕಾ. ಕೆಂಪಿನ್ಯಾಗ ಬಂತು.”

“ನಮ್ಮ ವಂಶನ ಗಿಡ್ಡ ಅಕ್ಕಾರ. ನಾ ಏನ್ ತಾಳಿ ಮರ ಇದ್ದೀನ್ಯಾ?”

ಅಲ್ಲಿದ್ದ ತಾಯಂದಿರು ನಕ್ಕರು. ಅಕ್ಕಾರು ನಗಲಿಲ್ಲ. “ಐದು ವರ್ಷದ ಮಟ ವಂಶ ಅಷ್ಟು ಕೆಲಸ ಮಾಡಂಗಿಲ್ರಿ. ಚಲೋ ಉಂಡ ಕೂಸು ಯಾವ ಮನ್ಯಾಗಿದ್ರೂ ಹೆಚ್ಚುಕಡಿಮಿ ಒಂದ ಸಮ ಬೆಳೀತಾವ. ಇದು ನಿನ್ನೆ ಮೊನ್ನೆ ಆದದ್ದಲ್ಲ. ಹೊಟ್ಯಾಗಿದ್ದಾಗಿಂದ ನಡದೈತಿ. ಇದಕ್ಕ ಕುಂಠಿತ ಅಂತಾರ.”

ಮಗಳು ತಲೆ ತಗ್ಗಿಸಿದಳು.

“ಇನ್ನೊಂದು, ಇದ್ದಷ್ಟು ಎತ್ತರಕ್ಕ ತೂಕ ಐತೋ ಇಲ್ಲೋ ನೋಡ್ತೀವಿ. ಅದು ಕಡಿಮಿ ಇದ್ರ ಕೂಸು ಈಗ ಸೊರಗಾಕತ್ತೈತಿ ಅಂತ. ಅದಕ್ಕ ಜೀವದ ಅಂಜಿಕಿ ಜಾಸ್ತಿ. ಮೂರನೇದು ವಯಸ್ಸಿಗೆ ತೂಕ. ಗಿಡ್ಡ ಇದ್ರೂ ಅದು ಕಡಿಮಿ ಬರ್ತೈತಿ, ಸೊರಗಿದ್ರೂ ಕಡಿಮಿ ಬರ್ತೈತಿ. ಅದೊಂದ ನೋಡಿದ್ರ ಯಾವುದಂತ ತಿಳಿಯಂಗಿಲ್ಲ.”

ನನಗೆ ಅದು ಗೋಡೆಯ ಮಾತಿನಂತೆ ತಿಳಿಯಿತು. ತಡವಾಗಿ ಏಳುತ್ತಿರುವ ಗೋಡೆ ಬೇರೆ, ಇವತ್ತು ಬೀಳಲು ಬಂದ ಗೋಡೆ ಬೇರೆ. ತಿಳಿದೂ ಕೇಳಿದೆ, “ಸೊರಗೈತಿ ಅಂತ ಬಂದ್ರ?”

“ಈ ಎತ್ತರಕ್ಕ ಆರೂವರಿ ಕಿಲೋಕ್ಕಿಂತ ಕಡಿಮಿ ಬಂದ್ರ ಲಿಂಗಸುಗೂರು ದವಾಖಾನಿಗೆ ಕಳಸ್ತೀವ್ರಿ. ಹದಿನಾಲ್ಕು ದಿನ ತಾಯಿ ಕೂಸು ಅಲ್ಲೇ ಇರ್ಬೇಕು. ಊಟ, ಔಷಧ ಎಲ್ಲಾ ಅವ್ರದ.” ಆಮೇಲೆ ತಕ್ಕಡಿ ಕಡೆ ತಿರುಗಿ, “ಅಂಗಿ, ಉಡಿದಾರ, ಕಡಗ ತಗೀರಿ” ಎಂದರು.

ಮಗಳು ಕೈ ಹಾಕಿದಳು. ನಾನು ತಡೆದೆ.

“ಉಡಿದಾರ ಬಿಚ್ಚಂಗಿಲ್ಲ. ಕೂಸಿನ ಮೈ ಬರಿದು ಮಾಡಬಾರದು. ನಮ್ಮಲ್ಲಿ ಪದ್ಧತಿ ಇಲ್ಲ.”

ಅದು ಸುಳ್ಳಲ್ಲ. ನಮ್ಮಲ್ಲಿ ಕೂಸಿನ ನಡುವಿನ ದಾರ ಬಿಚ್ಚುವುದು ಒಂದೇ ಸಲ, ಮಣ್ಣಿಗಿಡುವಾಗ. ಆದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಅದೊಂದೇ ಅಲ್ಲ. ನಾಲ್ಕು ಮಂದಿ ತಾಯಂದಿರು ನೋಡುತ್ತಿದ್ದರು. ಗೌಂಡಿಯ ಮೊಮ್ಮಗಳನ್ನು ಉಣ್ಣಿಸಲಾಗದೆ ದವಾಖಾನೆಗೆ ಹಾಕಿದರು ಎಂಬ ಮಾತು ಸಂಜೆಗೆ ಓಣಿ ತುಂಬುತ್ತಿತ್ತು.

ಅಕ್ಕಾರು ಅಂಗಿಯಷ್ಟೇ ತೆಗೆಸಿ ತೂಗಿದರು. ಆರು ಕಿಲೋ ಆರುನೂರು.

“ಇವು ಎಷ್ಟು ತೊಲಿ ಅದಾವ ಹೇಳ್ರಿ, ಕಳದು ಬರಕೋತೀನಿ.”

ಇಪ್ಪತ್ತು ತೊಲ ಎಂದರೆ ಹತ್ತಿರ ಹತ್ತಿರ ಪಾವು ಕಿಲೋ. ಆ ಲೆಕ್ಕ ಮಾಡಲು ನನಗೆ ಶಾಲೆ ಬೇಕಿರಲಿಲ್ಲ. ಆರೂವರೆಗಿಂತ ಕೆಳಗೆ ಹೋಗುತ್ತದೆ ಎಂಬುದು ಬಾಯಿ ತೆರೆಯುವ ಮೊದಲೇ ಗೊತ್ತಾಗಿತ್ತು.

“ಟೊಳ್ಳ ಅದಾವ ಬಿಡ್ರಿ ಅಕ್ಕಾರ,” ಎಂದೆ. “ಎರಡೂ ಸೇರಿ ಐವತ್ತು ಗ್ರಾಂ ಸುದ್ದಾ ಇರಂಗಿಲ್ಲ.”

ಒಂದೂವರೆ ವರ್ಷ ಗಟ್ಟಿ ಎಂದು ಸಾರಿದವನು ಹಾಗೆಂದೆ. ಮಗಳು ನನ್ನ ಮುಖ ನೋಡಿದಳು. ತಂದೆಯ ಮಾತಿಗೆ ಎದುರಾಡಿದ ಹುಡುಗಿಯಲ್ಲ ಅವಳು.

ಅಕ್ಕಾರು ಐವತ್ತು ಕಳೆದು ಬರೆದರು. ತೋಳಿಗೆ ಬಣ್ಣದ ಪಟ್ಟಿ ಸುತ್ತಿದರು, ಅದು ಕೆಂಪಿನ ಅಂಚಿಗೆ ಬಂದು ಹಳದಿಯಲ್ಲಿ ನಿಂತಿತು. ಪಾದ ಒತ್ತಿ ನೋಡಿದರು, ಬಾವು ಇರಲಿಲ್ಲ. “ವಯಸ್ಸಿಗೆ ಎತ್ತರ, ವಯಸ್ಸಿಗೆ ತೂಕ ಎರಡೂ ಕೆಂಪು, ಸೊರಗಿದ್ದು ಮಾತ್ರ ಹಳದಿ. ಸ್ವಲ್ಪದಾಗ ಉಳಕೊಂಡೈತಿ,” ಎಂದು ಪುಷ್ಟಿ ಹಿಟ್ಟು ಕೊಟ್ಟರು. “ಭೇದಿ ಹತ್ತಿದ್ರ, ಉಣ್ಣೋದು ಬಿಟ್ರ ಅವತ್ತ ಬರ್ರಿ. ಮುಂದಿನ ತೂಕದ ದಿನದ ಮಟ ಕುಂದರಬ್ಯಾಡ್ರಿ.”

ದಾರಿಯಲ್ಲಿ ಮಗಳು ಒಂದೇ ಮಾತು ಅಂದಳು, “ಯಪ್ಪಾ, ನಾ ಹದಿನಾಲ್ಕು ದಿನ ಅಲ್ಲಿ ಇರತಿದ್ದೆ.”

“ಮನ್ಯಾಗ ಏನ್ ಕಡಿಮಿ ಐತಿ ನಿನಗ?” ಎಂದು ಗದರಿದೆ.

ದಿನಾ ಹಾಲು ತಂದೆ, ತತ್ತಿ ತಂದೆ. ಕೂಸು ಎರಡು ಚಮಚ ನುಂಗಿ ಬಾಯಿ ಮುಚ್ಚುತ್ತಿತ್ತು. ಮೂರನೆಯ ವಾರ ಭೇದಿ ಹತ್ತಿತು. ಹಲ್ಲು ಬರುವಾಗಿನ ಭೇದಿ ಎಂದು ಎರಡು ದಿನ ನಾವೇ ಕಳೆದೆವು. ಮೂರನೆಯ ದಿನ ಬೆಳಿಗ್ಗೆ ಅಕ್ಕಾರು ತಾವೇ ಮನೆಗೆ ಬಂದು, ಕೂಸಿನ ಕಣ್ಣು ನೋಡಿ, ದವಾಖಾನೆಯ ಗಾಡಿಗೆ ಫೋನ್ ಹಚ್ಚಿದರು.

ಲಿಂಗಸುಗೂರಿನಲ್ಲಿ ನರ್ಸು ಯಾರನ್ನೂ ಕೇಳದೆ ಎಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟರು. ಐದು ಕಿಲೋ ಎಂಟುನೂರು. ಕಾರ್ಡು ನೋಡಿ ಕೇಳಿದರು, “ಮೂರು ವಾರದ ಹಿಂದ ಹಳದಿ ಇತ್ತು. ಇಷ್ಟು ಹೆಂಗ ಇಳೀತು?”

ಮಗಳು ಹೇಳಿದಳು, “ಅವತ್ತೂ ಹಳದಿ ಇದ್ದಿಲ್ರಿ ಸಿಸ್ಟರ್. ಇಪ್ಪತ್ತು ತೊಲಿ ಬೆಳ್ಳಿ ಇತ್ರಿ ಮೈಮ್ಯಾಲ.”

ನರ್ಸು ನನ್ನ ಕೈಯಲ್ಲಿದ್ದ ಬೆಳ್ಳಿ ನೋಡಿದರು. ಅವರು ಮಾಡುವುದನ್ನೆಲ್ಲ ಮಾಡಿದರು. ಮೂಗಿನ ನಳಿಗೆಯಲ್ಲಿ ತಾಸಿಗೆಷ್ಟು ಎಂದು ಅಳೆದು ಹಾಲು ಬಿಟ್ಟರು, ಮೈ ತಣ್ಣಗಾಗದಂತೆ ಮಗಳ ಎದೆಗೆ ಹೊದಿಸಿ ಕಟ್ಟಿದರು. ನಾಲ್ಕನೆಯ ದಿನ ಮಧ್ಯಾಹ್ನ ಕೂಸು ಹೋಯಿತು. ಮಗಳು ಅಳಲಿಲ್ಲ, ಎದೆಯ ಮೇಲಿಂದ ತೆಗೆಯಗೊಡಲೂ ಇಲ್ಲ.

ಕರ್ಮ ಮುಗಿದ ಮೇಲೆ ಅಂಗನವಾಡಿಗೆ ಹೋದೆ. ಅಂದೂ ತೂಕದ ದಿನ. ಅದೇ ತಾಯಂದಿರು ಕೂತಿದ್ದರು. ಅವರ ಮುಂದೆಯೇ ಹೇಳಿದೆ: “ಅಕ್ಕಾರ, ನೀವು ಬರದದ್ದು ತಪ್ಪೈತಿ. ಬೆಳ್ಳಿ ಟೊಳ್ಳ ಇದ್ದಿಲ್ಲ. ನಾ ಸುಳ್ಳು ಹೇಳೀನಿ. ಅದನ್ನ ಕೆಂಪು ಮಾಡ್ರಿ.”

ಅಕ್ಕಾರು ಪುಸ್ತಕ ತೆಗೆದು ಆ ದಿನದ ಪುಟ ಹುಡುಕಿದರು. “ನಾನೂ ಕೈಲೆ ಎತ್ತಿ ನೋಡಬೇಕಿತ್ತು ಕಾಕಾ. ಹೊರಗ ಮಂದಿ ಕಾಯಾಕತ್ತಿತ್ತು, ಬಿಟ್ಟೆ,” ಎಂದರು. “ಮೊಬೈಲ್‌ನ್ಯಾಗ ಆ ತಿಂಗಳ ಲೆಕ್ಕ ಮುಚ್ಚೈತ್ರಿ. ಈಗ ತಿದ್ದಾಕ ಬರಂಗಿಲ್ಲ.”

“ಪುಸ್ತಕದಾಗರ ಬರೀರಿ.”

ಪೆನ್ನು ತೆಗೆದು ಹಳೆಯ ಅಂಕಿಯ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ಹೊಸದನ್ನು ಬರೆದು, ಕೆಂಪು ಪೆನ್ನು ಹುಡುಕಿ ಸುತ್ತು ಹಾಕಿದರು. ನನ್ನ ಸಹಿ ಬೇಕಿರಲಿಲ್ಲ. ಆದರೂ ಕೇಳಿ, ಕೆಳಗೆ ಸಹಿ ಹಾಕಿದೆ.