ಚಾತುರ್ಮಾಸದ ಬಡ್ಡಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ವಡಗಾವಿಯ ಮನೆಯಿಂದ ದಿನಾ ಬೆಳಿಗ್ಗೆ ರೈಲು ಹಿಡಿದು ಖಾನಾಪುರದ ಹಂಚಿನ ಕಾರ್ಖಾನೆಗೆ ಲೆಕ್ಕ ಬರೆಯಲು ಹೋಗುತ್ತಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ವರ್ಷದ ಲೆಕ್ಕ ಸರಿಯಾಗಿ ಮುಗಿಸಿದರೆ ನೋಡೋಣ ಎಂದಿದ್ದರು ಮಾಲೀಕರು. ಮನೆಯಲ್ಲಿ ಐದು ಬಾಯಿ, ದುಡಿಯುವವನು ನಾನೊಬ್ಬನೇ.

ಆ ವರ್ಷ ಹಸಿ ಹಂಚು ಒಣಗಿಸಲು ಬ್ಯಾಂಕಿನ ಅವಧಿ ಸಾಲದಲ್ಲಿ ಹೊಸ ಕಟ್ಟಡ ಎದ್ದಿತು. ಕಟ್ಟುವಾಗ ಆ ಸಾಲಕ್ಕೆ ಬೀಳುವ ಬಡ್ಡಿಯೂ ಇಟ್ಟಿಗೆ, ಸಿಮೆಂಟಿನ ಹಾಗೆ ಕಟ್ಟಡದ ಬೆಲೆಗೇ ಸೇರುತ್ತದೆ. ಕಟ್ಟಡ ಬಳಕೆಗೆ ಸಿದ್ಧವಾದ ಮೇಲಿನ ಬಡ್ಡಿ ಮಾತ್ರ ಆ ವರ್ಷದ ಖರ್ಚು. ಇದೆಲ್ಲ ನನಗೆ ಬಾಯಿಪಾಠ. ಆದರೆ ಸಿದ್ಧವಾಗುವುದು ಎಂದರೇನು ಅಂತ ಈ ದಡ್ಡ ಯೋಚಿಸಲೇ ಇಲ್ಲ. ವಾಸ್ತುಶಾಂತಿ ಆಗದೆ ನಮ್ಮ ಕಡೆ ಯಾರು ಕಟ್ಟಡ ಮುಗಿಯಿತು ಅನ್ನುತ್ತಾರೆ? ಮಳೆಗೆ ಮುಂಚೆಯೇ ಕೆಲಸ ಮುಗಿದಿದ್ದರೂ, ಚಾತುರ್ಮಾಸ ಬಂತೆಂದು ಪೂಜೆ ತುಳಸಿ ಲಗ್ನದ ಆಚೆಗೆ ಹೋಯಿತು. ನಾನೂ ಪೂಜೆಯ ದಿನದವರೆಗಿನ ಬಡ್ಡಿಯನ್ನೆಲ್ಲ ಕಟ್ಟಡಕ್ಕೇ ಸೇರಿಸಿ ಹಾಯಾಗಿ ಕುಳಿತೆ.

ಲೆಕ್ಕ ನೋಡಲು ಬೆಳಗಾವಿಯಿಂದ ಬಂದ ಆಡಿಟರು ಕಟ್ಟಡ ತೋರಿಸಿ ಅಂದರು. ಅಲ್ಲಿ ಹಂಚು ತಿರುವಿಡುತ್ತಿದ್ದ ಹೆಂಗಸನ್ನು ಕೇಳಿದರು: "ಅಕ್ಕಾರ, ಮಳಿಗಾಲದಾಗ ಇಲ್ಲಿ ಏನ ಇಡತಿದ್ರಿ?"

"ಹಂಚರೀ ಸಾಹೇಬ್ರ. ಆಷಾಢದಿಂದ ಇಲ್ಲೇ ಒಣಗಸಾಕತ್ತೀವಿ."

ಆ ಮಳೆಗಾಲ ಅದೇ ಸೂರಿನಡಿ ನಾನೇ ದಿನಾ ನಿಂತು ಚಹಾ ಕುಡಿದಿದ್ದೆನಲ್ಲ!

ಆಫೀಸಿಗೆ ಬಂದು ಆಡಿಟರು ಮಾಲೀಕರೆದುರು ಪುಸ್ತಕ ಬಿಚ್ಚಿದರು. "ಪೂಜಿ ಯಾವಾಗ ಆತು ಅನ್ನೂದು ಬ್ಯಾಡ್ರಿ. ಆಷಾಢಕ್ಕ ಕಟ್ಟಡ ತಯಾರಿತ್ತು. ಆಮ್ಯಾಲಿನ ಬಡ್ಡಿ ಖರ್ಚಿಗೆ ಬರಬೇಕು." ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿದರು. ನಾನು ತೋರಿಸಿದ್ದ ಸಣ್ಣ ಲಾಭ ಹೋಗಿ ನಷ್ಟ ಬಂತು. ನನ್ನ ಮಾತು ನಂಬಿ ಮಾಲೀಕರು ಆಗಲೇ ಬ್ಯಾಂಕಿನಲ್ಲಿ ಲಾಭ ಐತಿ ಎಂದು ಹೇಳಿ ಬಂದಿದ್ದರು. ಇನ್ನು ನನ್ನ ಕಥೆ ಮುಗಿಯಿತು, ಮನೆಯಲ್ಲಿ ಏನು ಹೇಳಲಿ ಎಂದುಕೊಂಡೆ.

"ಹಿಂಗ ಬರೀರಿ ಅಂತ ಯಾರು ಹೇಳಿದ್ರು?" ಎಂದರು ಆಡಿಟರು.

ಮಾಲೀಕರು ಒಮ್ಮೆ ನನ್ನ ಮುಖ ನೋಡಿದರು.

"ನಾನ ಹೇಳಿದ್ನಿರಿ. ಪೂಜಿ ಆಗೂತನಾ ಕಟ್ಟಡ ಮುಗದಿಲ್ಲ ಅಂತ ಹಟ ಹಿಡದಿದ್ನಿ. ಅವರದೇನೂ ತಪ್ಪಿಲ್ಲ."

ಅವರು ಹಾಗೆ ಹೇಳಿಯೇ ಇರಲಿಲ್ಲ. ಬಡ್ಡಿಯನ್ನು ನಾನು ಎಲ್ಲಿ ಬರೆಯುತ್ತಿದ್ದೇನೆಂಬುದೂ ಅವರಿಗೆ ಗೊತ್ತಿರಲಿಲ್ಲ. ಮಗನ ವಯಸ್ಸಿನ ಆಡಿಟರು, "ಬ್ಯಾಂಕಿನ್ಯಾಗ ನಿಮ್ಮ ಮಾತಿಗೆ ಇನ್ನ ಏನ ಕಿಮ್ಮತ್ತು ಉಳೀತದರೀ?" ಎಂದು ದಬಾಯಿಸಿದರು. ಮಾಲೀಕರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅಲ್ರೀ, ತಪ್ಪು ನಂದು ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ಅನ್ನಲಿಲ್ಲ.

ಮರು ತಿಂಗಳು ನನ್ನ ನೌಕರಿ ಕಾಯಂ ಆಯಿತು.